ಅತ್ತೆಗೆ ಅಂಟಿಕೊಂಡ ಐದು ಸ್ವರ

೧೩ ಫೆಬ್ರವರಿ ೧೯೮೪, ಸೋಮವಾರ

ಇವತ್ತು ಬೆಳಿಗ್ಗೆ ನಮ್ಮ ಸಂಗೀತ ನಿರ್ದೇಶಕ ತಿರುವೇಂಗಡಂ ಮಾಸ್ಟರ್ ಹಾರ್ಮೋನಿಯಂ ಮುಂದೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಹೃದಯಾಘಾತ. ಆಸ್ಪತ್ರೆಗೆ ಸೇರಿಸಿ ಬಂದೆವು. ಜೀವಕ್ಕೆ ಅಪಾಯವಿಲ್ಲವಂತೆ, ಆದರೆ ಮೂರು ವಾರ ಹಾಸಿಗೆ ಬಿಟ್ಟು ಏಳಕೂಡದು.

ಚಿತ್ರದ ಹಾಡುಗಳೆಲ್ಲ ಎಂದೋ ಮುಗಿದಿವೆ. ಹಿನ್ನೆಲೆ ಸಂಗೀತ ಮಾತ್ರ ಬಾಕಿ. ಹದಿನಾಲ್ಕು ರೀಲು. ಮಾರ್ಚ್ ಒಂಬತ್ತಕ್ಕೆ ಬಿಡುಗಡೆ, ಪೋಸ್ಟರ್ ವಡಪಳನಿಯ ಬೀದಿಗಳ ತುಂಬ ಅಂಟಿಸಿಯಾಗಿದೆ. ನಿರ್ಮಾಪಕರು ಆಸ್ಪತ್ರೆಯ ವರಾಂಡದಲ್ಲೇ ಬೇರೆ ಸಂಗೀತ ನಿರ್ದೇಶಕರ ಹೆಸರು ಎತ್ತಿದರು. ಮಾಸ್ಟರಿಗೆ ಇನ್ನೂ ಎಚ್ಚರವೂ ಬಂದಿರಲಿಲ್ಲ. ನನಗೆ ಮೈ ಉರಿದುಹೋಯಿತು.

"ನವಮಣಿ ಮಾಡ್ತಾಳೆ. ಮಾಸ್ಟರ್ ಕೆಲಸ ಹೊರಗೆ ಹೋಗಲ್ಲ" ಎಂದೆ. ನನ್ನ ಹೆಸರನ್ನು ನಾನೇ ಬೇರೆಯವರದೆಂಬಂತೆ ಹೇಳಿದೆ ಎಂದು ಆಮೇಲೆ ನಗು ಬಂತು.

ಹದಿನಾರು ವರ್ಷದಿಂದ ಅವರ ಸಹಾಯಕಿ. ಅವರು ಗುನುಗುತ್ತಾರೆ, ನಾನು ಬರೆಯುತ್ತೇನೆ. ಯಾವ ವಾದ್ಯ, ಯಾವ ಅಳತೆ ಎಂದು ಹಂಚುತ್ತೇನೆ, ಕೈ ಬೀಸಿ ವಾದ್ಯದವರನ್ನು ನಡೆಸುತ್ತೇನೆ. ಗುನುಗುವುದೊಂದು ಬಿಟ್ಟು ಎಲ್ಲ ನಾನೇ. ಈಗ ಗುನುಗಲೂ ಬೇಕು. ಸ್ವರ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಯಾರಿಗೂ ತೋರಿಸಲು ಅಲ್ಲ.

೧೪ ಫೆಬ್ರವರಿ

ನಿರ್ದೇಶಕ ಇಳಂಪರಿದಿಯ ಜೊತೆ ಕೂತು ಇಡೀ ಚಿತ್ರ ನೋಡಿದೆ. ಇಪ್ಪತ್ತೊಂಬತ್ತರ ಹುಡುಗ, ಇದು ಎರಡನೇ ಚಿತ್ರ. ಕಥೆ ತೂತ್ತುಕುಡಿಯ ಉಪ್ಪಿನಗದ್ದೆಯದು. ಪೂಂಗೊಡಿ ಎಂಬ ಹುಡುಗಿ, ಅವಳನ್ನು ಸಾಕಿದ ವಿಧವೆ ಸೋದರತ್ತೆ. ಅವರ ಮನೆಯಲ್ಲೇ ಉಣ್ಣುತ್ತಿದ್ದ ಪಾಂಡಿ ಎಂಬ ಹುಡುಗ ಪೂಂಗೊಡಿಗೆ ಮಾತು ಕೊಟ್ಟು ಬೊಂಬಾಯಿಗೆ ಹೋಗುತ್ತಾನೆ. ಅವನ ಕಾಗದಗಳನ್ನು ಅತ್ತೆ ಬಚ್ಚಿಡುತ್ತಾಳೆ. ಕೊನೆಗೆ ಅವನು ಬಂದು ಹುಡುಗಿಯನ್ನು ಕರೆದುಕೊಂಡು ರೈಲು ಹತ್ತುತ್ತಾನೆ.

"ಅಕ್ಕಾ, ಸಿಂಪಲ್" ಎಂದ ಪರಿದಿ. "ಹುಡುಗೀಗೆ ಒಂದು ಟ್ಯೂನ್. ಅವಳು ಬಂದಾಗೆಲ್ಲ ಅದು. ಅತ್ತೆ ಬಂದ್ರೆ ಡ್ರಮ್ ಗುಡುಗಿಸಿಬಿಡಿ. ಜನಕ್ಕೆ ಯಾರು ಒಳ್ಳೆಯೋರು, ಯಾರು ಕೆಟ್ಟೋರು ಅಂತ ಗೊತ್ತಾಗ್ಬೇಕು."

"ಅದು ಮುಖ ನೋಡಿದ್ರೇ ಗೊತ್ತಾಗಲ್ವಾ ತಂಬಿ?"

"ಮುಖ ನೋಡಿ ಗೊತ್ತಾಗೋದಾದ್ರೆ ನೀವ್ಯಾಕೆ ಅಕ್ಕಾ?"

ಬಾಯಿ ಚುರುಕು. ಆಗಲಿ, ಮಾತಿನಲ್ಲಿ ಸುಳ್ಳಿಲ್ಲ.

ಮನೆಗೆ ಬಸ್ಸಿನಲ್ಲಿ ಬರುವಾಗ ಹುಡುಗಿಯ ಟ್ಯೂನ್ ಸಿಕ್ಕಿತು. ಐದೇ ಸ್ವರ. ಸ ಗ ಪ ದ ಪ. ಚಿಕ್ಕದಿರಬೇಕು, ಇಲ್ಲದಿದ್ದರೆ ಕಿವಿ ಹಿಡಿದಿಟ್ಟುಕೊಳ್ಳುವುದಿಲ್ಲ. ಹೊರಟ ಮನೆಯಾದ ಷಡ್ಜಕ್ಕೆ ಮರಳಿ ಬಂದು ಕೂರುವುದಿಲ್ಲ, ಕೊನೆಯ ಪಂಚಮದಲ್ಲೇ ನಿಂತುಬಿಡುತ್ತದೆ, ಬಾಗಿಲಲ್ಲಿ ನಿಂತು ಬೀದಿ ನೋಡುವವರಂತೆ. ಮುಂದೇನು ಎಂದು ಕೇಳುವವರಿಗೆ ಅನಿಸುತ್ತಿರಬೇಕು. ಮಾಸ್ಟರ್ ಇದ್ದಿದ್ದರೆ ಹೀಗೇ ಮಾಡುತ್ತಿದ್ದರು ಎಂದುಕೊಂಡಿದ್ದೇನೆ.

೧೫ ಫೆಬ್ರವರಿ

ಒಂದು ಮತ್ತು ಎರಡನೇ ರೀಲು ಮುಗಿಯಿತು. ಮಾಸ್ಟರ್ ಇಲ್ಲದ ಮೊದಲ ದಿನ. ಇಪ್ಪತ್ತೆಂಟು ವಯಲಿನ್‌ನವರ ಕಣ್ಣು ನನ್ನ ಮೇಲೆ.

ಮೊದಲ ಸಲ ಕೇಳಿಸುವಾಗ ತೆರೆಯ ಮೇಲೆ ಯಾವ ಮುಖ ಇರುತ್ತದೋ ಟ್ಯೂನ್ ಅವರದಾಗಿಬಿಡುತ್ತದೆ. ಇದರಲ್ಲಿ ಎಡವಟ್ಟಾದರೆ ಮುಗಿಯಿತು. ಆದ್ದರಿಂದ ಎರಡನೇ ರೀಲನ್ನು ಆರು ಸಲ ಓಡಿಸಿ, ಸ್ಟಾಪ್‌ವಾಚ್ ಹಿಡಿದು ಬರೆದುಕೊಂಡೆ. ಪೂಂಗೊಡಿ ಕಿಟಕಿಯಲ್ಲಿ ತಲೆಯೆತ್ತುವ ಕ್ಷಣ, ಫಿಲ್ಮಿನ ನೂರಾ ಎಂಬತ್ತನೇ ಅಡಿಗೆ. ಅಲ್ಲಿಯವರೆಗೆ ಸಂಗೀತವೇ ಇಲ್ಲ, ಉಪ್ಪು ಗೋರುವ ಸದ್ದು ಮಾತ್ರ. ಆಗ ಬಾಲಸುಂದರಂ ಕೊಳಲಿನಲ್ಲಿ ಐದು ಸ್ವರ, ಕೆಳಗೆ ಬೇಸ್‌ನ ದಪ್ಪ ದನಿ ಷಡ್ಜದಲ್ಲಿ. ಹುಡುಗಾಟದ ನಗುವಿನಂತೆ ಕೇಳಿಸಿತು.

ಸೌಂಡ್ ಇಂಜಿನಿಯರ್ ಕೋದಂಡಂ ಗಾಜಿನ ಆಚೆಯಿಂದ ಬೆರಳೆತ್ತಿ "ಓಕೆ" ಎಂದರು. ಎರಡನೇ ಟೇಕ್‌ಗೇ! ಯಾರೂ ಬಯ್ಯದೆ ದಿನ ಮುಗಿದದ್ದಕ್ಕೆ ಎರಡು ಪ್ಲೇಟ್ ಪೊಂಗಲ್ ತಿಂದೆ.

೧೮ ಫೆಬ್ರವರಿ

ಏಳು ರೀಲು ಆಯಿತು. ಕೈ ಬೀಸಿ ಬೀಸಿ ಭುಜ ಸೋತಿದೆ. ಬೇರೇನೂ ಇಲ್ಲ.

೧೯ ಫೆಬ್ರವರಿ, ಭಾನುವಾರ

ಚರ್ಚಿನಿಂದ ನೇರ ಸ್ಟುಡಿಯೋಗೆ. ನಿರ್ಮಾಪಕರ ಮನೆಯ ರೂಢಿಯೊಂದಿದೆ. ಅರ್ಧ ಚಿತ್ರಕ್ಕೆ ಸಂಗೀತ ಕೂಡಿದ ಕೂಡಲೇ ಅವರ ತಾಯಿ ಮೀನಾಚ್ಚಿ ಆಚಿ ಮನೆಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಮುರುಕ್ಕು ಡಬ್ಬಿಯ ಸಮೇತ ಬಂದು ನೋಡಬೇಕು. ಆಚಿ ಅತ್ತರೆ ಚಿತ್ರ ಓಡುತ್ತದೆ ಎಂದು ನಂಬಿಕೆ.

ಆರನೇ ರೀಲಿನಲ್ಲಿ ಪಾಂಡಿ ಬೊಂಬಾಯಿಯ ಕೋಣೆಯಲ್ಲಿ ಒಬ್ಬನೇ ಕೂತು ಒಣ ಬ್ರೆಡ್ ತಿನ್ನುತ್ತಾನೆ. ಹುಡುಗಿ ತೆರೆಯ ಮೇಲಿಲ್ಲ. ಆದರೆ ಐದು ಸ್ವರ ಬರುತ್ತವೆ. ಈ ಕೆಲಸದ ನಿಜವಾದ ಮಜಾ ಇದೇ. ಮುಖವನ್ನು ತೋರಿಸದೆ ಆಳನ್ನು ಕೋಣೆಯೊಳಗೆ ತಂದು ನಿಲ್ಲಿಸಬಹುದು. ಅವಳನ್ನು ನೆನೆಯುತ್ತಿದ್ದಾನೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಆಚಿ ಕಣ್ಣೊರೆಸಿಕೊಂಡರು. ನಾನು ಒಳಗೊಳಗೇ ಹಿಗ್ಗಿದೆ.

"ಪಾಪ, ಹುಡುಗ ಅತ್ತೆ ಕೈಯೂಟ ನೆನೆಸ್ಕೊಂಡ" ಎಂದರು ಆಚಿ.

"ಹೂಂ ಆಚಿ, ಎಷ್ಟು ಬೈದ್ರೂ ಬಡಿಸಿದ್ದು ಅವಳೇ ಅಲ್ವಾ" ಎಂದಳು ಸೊಸೆ.

ಪರಿದಿ ಕುರ್ಚಿಯಿಂದ ಎದ್ದೇಬಿಟ್ಟ. "ಅತ್ತೆ ಅಲ್ಲ ಆಚಿ, ಹುಡುಗೀನ!"

"ಹುಡುಗಿ ಎಲ್ಲಿ ಬಂದ್ಳು ಇಲ್ಲಿ? ಅತ್ತೆ ಪಾಟ್ಟು ತಾನೇ ಕೇಳಿಸ್ತು? ನಂಗೇನು ಕಿವಿ ಇಲ್ವಾ?"

ಪರಿದಿ ನನ್ನ ಕಡೆ ತಿರುಗಿ ನೋಡಿದ. ಆ ನೋಟ ನನಗೆ ಗೊತ್ತು. ತಪ್ಪು ಯಾರ ತಲೆಗೆ ಕಟ್ಟಬೇಕೆಂದು ಹುಡುಕುವವರ ನೋಟ.

೨೦ ಫೆಬ್ರವರಿ

ತಪ್ಪು ನನ್ನದಲ್ಲ. ದೊಡ್ಡ ಅಕ್ಷರದಲ್ಲಿ ಬರೆದಿಡುತ್ತೇನೆ: ನನ್ನದಲ್ಲ.

ನಾವು ಧ್ವನಿಮುದ್ರಣ ಮಾಡಿದ ಮೇಲೆ ಪರಿದಿ ಎರಡನೇ ರೀಲಿನ ಮೊದಲಲ್ಲಿ ಒಂಬತ್ತು ಅಡಿ ಕತ್ತರಿಸಿದ್ದಾನೆ. ಉಪ್ಪಿನಗದ್ದೆಯ ಶಾಟ್ ಉದ್ದವಾಯಿತಂತೆ. ಸಂಗೀತ ಸೇರಿದ ರೀಲಿಗೆ ಕತ್ತರಿ ಹಾಕಬಾರದು ಎಂಬುದು ಸ್ಟುಡಿಯೋಗಳ ಕೋಡಂಬಾಕ್ಕಂನಲ್ಲಿ ಕ್ಯಾಮೆರಾ ಹೊರುವವರಿಗೂ ಗೊತ್ತು. ಎಡಿಟಿಂಗ್‌ನವರು ಚಿತ್ರವನ್ನೂ ಮಾತಿನ ಟ್ರ್ಯಾಕನ್ನೂ ಕತ್ತರಿಸಿದರು, ಸಂಗೀತದ ಟ್ರ್ಯಾಕನ್ನು ಮರೆತರು. ಒಂಬತ್ತು ಅಡಿ ಎಂದರೆ ಆರು ಸೆಕೆಂಡ್. ಚಿತ್ರ ಆರು ಸೆಕೆಂಡ್ ಮುಂದೆ ಹೋಯಿತು, ಸಂಗೀತ ಇದ್ದಲ್ಲೇ ಉಳಿಯಿತು. ಪೂಂಗೊಡಿ ಕಿಟಕಿಯಲ್ಲಿ ತಲೆಯೆತ್ತುವಾಗ ಸದ್ದಿಲ್ಲ. ಅವಳ ಶಾಟ್ ಮುಗಿದು, ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತ ಅತ್ತೆಯ ಮುಖ ಬಂದಾಗ ಕೊಳಲು.

ಆಚಿಯ ಕಿವಿಗೆ ನಮಸ್ಕಾರ.

"ಸರಿ, ಟ್ರ್ಯಾಕಿನ ತಲೇಲಿ ಒಂಬತ್ತು ಅಡಿ ತೆಗೆದ್ರೆ ಆಯ್ತು" ಎಂದ ಪರಿದಿ. "ಕೊನೇ ಮಿಕ್ಸಿಂಗ್‌ನಲ್ಲಿ ಸರಿ ಮಾಡೋಣ. ನೀವು ಎಂಟನೇ ರೀಲಿಂದ ಮುಂದುವರೀರಿ. ಅತ್ತೆಗೆ ಡ್ರಮ್ ಮರೀಬೇಡಿ."

ಕ್ಷಮಿಸಿ ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

೨೧ ಫೆಬ್ರವರಿ

ಆಸ್ಪತ್ರೆ. ಮಾಸ್ಟರ್ ಮೆತ್ತಗೆ ಮಾತಾಡುತ್ತಾರೆ. ನಡೆದದ್ದು ಹೇಳಿದೆ. ಅತ್ತೆಯ ಪಾತ್ರ ಮಾಡಿದ ಹಳೇ ನಾಟಕದ ಕಲಾವಿದೆ ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂದೂ ಹೇಳಿದೆ.

"ನವಮಣೀ, ನಾವು ಟೈಲರ್‌ಗಳಮ್ಮಾ. ಡೈರೆಕ್ಟರ್ ತೋಳು ಉದ್ದ ಬೇಕಂದ್ರೆ ಉದ್ದ, ಗಿಡ್ಡ ಬೇಕಂದ್ರೆ ಗಿಡ್ಡ. ಕೇಳಿದ್ದು ಕೊಡು. ನಾನು ಬರೋವರೆಗೂ ಹೆಸರು ಕೆಡದಿದ್ರೆ ಸಾಕು."

ಆಗಲಿ ಎಂದು ತಲೆಯಾಡಿಸಿ ಬಂದೆ.

೨೨ ಫೆಬ್ರವರಿ

ಒಂಬತ್ತನೇ ರೀಲನ್ನು ಹನ್ನೊಂದು ಸಲ ಓಡಿಸಿದೆ. ಪ್ರೊಜೆಕ್ಷನ್‌ನ ದುರೈಸ್ವಾಮಿ "ಫಿಲ್ಮ್ ಸವೆದು ಹೋಗುತ್ತೆ ಅಕ್ಕಾ, ನಿಮ್ಮ ಕಣ್ಣಂತೂ ಸವೆಯಲ್ಲ" ಎಂದ.

ಅಂಚೆಯವನು ಕಾಗದ ಕೊಡುತ್ತಾನೆ. ಅತ್ತೆ ಅದನ್ನು ಅಕ್ಕಿ ಪಾತ್ರೆಯೊಳಗೆ ತಳದವರೆಗೆ ತುರುಕುತ್ತಾಳೆ. ಕೈಗೆ ಅಂಟಿದ ಅಕ್ಕಿ ಕೊಡವುತ್ತಾಳೆ. ಆಮೇಲೆ ಇಬ್ಬರಿಗೆ ಎಂದು ಅಕ್ಕಿ ಅಳೆಯುತ್ತಾಳೆ. ಎರಡನೇ ಸೇರು ಹಾಕುವಾಗ ಆಕೆಯ ಕೈ ಒಂದು ಗಳಿಗೆ ತಡೆಯುತ್ತದೆ. ಹುಡುಗಿ ಹೋದರೆ ಒಂದೇ ಸೇರು. ಅಷ್ಟೇ ಕಥೆ. ಇದಕ್ಕೆ ಡ್ರಮ್ ಗುಡುಗಿಸಬೇಕೆ? ಇವರಿಗೆ ತಾವು ಚಿತ್ರೀಕರಿಸಿದ್ದೇ ಕಾಣುವುದಿಲ್ಲವೇ? ಹುಡುಗಿಯದು ಏನಿದೆ, ಚೆಂದದ ಮುಖ, ಬಣ್ಣದ ದಾವಣಿ. ಅವಳು ಎರಡನೇ ರೀಲಿನಲ್ಲಿ ಹೇಗಿದ್ದಳೋ ಹದಿನಾಲ್ಕರಲ್ಲೂ ಹಾಗೇ. ಟ್ಯೂನ್ ಹೊತ್ತು ಬದಲಾಗುವ ಶಕ್ತಿ ಇರುವುದು ಅತ್ತೆಗೆ ಮಾತ್ರ.

ಟ್ಯೂನ್ ಒಂಬತ್ತು ಅಡಿ ತಡವಾಗಿ ಬಂದು ಸರಿಯಾದ ಮನೆಗೇ ಸೇರಿದೆ.

ಡ್ರಮ್ ಬರೆದ ಹಾಳೆ ಹರಿದೆ. ಅದೇ ಐದು ಸ್ವರ ಬರೆದೆ, ಒಂದನ್ನೂ ಬದಲಿಸದೆ. ಕೆಳಗಿನ ಬೇಸನ್ನು ಮಾತ್ರ ಷಡ್ಜದಿಂದ ಮಂದ್ರ ಧೈವತಕ್ಕೆ ಇಳಿಸಿದೆ. ಮೇಲೆ ಅದೇ ಸ ಗ ಪ ದ ಪ, ಆದರೆ ನಗುತ್ತಿದ್ದದ್ದು ಈಗ ಗಂಟಲು ಕಟ್ಟಿದಂತೆ ಕೇಳಿಸುತ್ತದೆ. ಕೊಳಲು ತೆಗೆದು, ವಯಲಿನ್‌ಗಿಂತ ದಪ್ಪ ದನಿಯ ವಿಯೋಲಾಕ್ಕೆ ಕೊಟ್ಟೆ. ಕಾಗದ ಬಚ್ಚಿಡುವಾಗ ಅಲ್ಲ, ಎರಡನೇ ಸೇರಿಗೆ ಕೈ ತಡೆಯುವಾಗ ಶುರು. ಜನ ಅವಳನ್ನು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಇದು ಕೇಳಿಸಬೇಕು.

ಹುಡುಗಿಗೆ ಬೇರೊಂದು ಪುಟ್ಟ ಟ್ಯೂನ್ ಮಾಡಿ, ಎಂಟನೇ ರೀಲಿನಲ್ಲಿ ಕೊಟ್ಟಿದ್ದೇನೆ. ಅವಳಿಗೆ ಅಷ್ಟು ಸಾಕು.

೨೩ ಫೆಬ್ರವರಿ

ಒಂಬತ್ತನೇ ರೀಲು ನುಡಿಸಿದೆವು. ವಿಯೋಲಾದ ಡೊಮಿನಿಕ್ ನುಡಿಸಿ ಮುಗಿಸಿ ಬಿಲ್ಲನ್ನು ಮಡಿಲಲ್ಲಿ ಇಟ್ಟುಕೊಂಡರು. ಪರಿದಿ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

"ಡ್ರಮ್ ಎಲ್ಲಿ?"

"ಇಲ್ಲ."

"ನಾನು ಕೇಳಿದ್ದು ಡ್ರಮ್."

"ನೀನು ತೆಗೆದ ಶಾಟ್ ಕೇಳ್ತಿರೋದು ಇದು. ಆ ಕೈ ನೋಡಿದ್ಯಾ ತಂಬಿ, ಎರಡನೇ ಸೇರಿನ ಹತ್ತಿರ?"

"ನಾನೇ ತೆಗೆದಿದ್ದು, ನಂಗೆ ತೋರಿಸ್ಬೇಡಿ. ಅವಳು ವಿಲನ್ ಅಕ್ಕಾ! ವಿಲನ್‌ಗೆ ಅಳೋ ಟ್ಯೂನ್ ಕೊಟ್ರೆ ಜನ ಯಾರ ಕಡೆ ನಿಲ್ತಾರೆ?" ಆಮೇಲೆ ಎಲ್ಲರ ಮುಂದೆ ಅಂದ: "ನಿಮಗೆ ಮದುವೆ ಇಲ್ಲ, ಮಕ್ಕಳಿಲ್ಲ, ಇನ್ನೊಬ್ಬರ ಹೆಸರಿಗೆ ದುಡೀತಾ ಇದ್ದೀರಿ. ಅತ್ತೆ ಕಥೇನೂ ನಿಮ್ಮದೇ ಅಂದ್ಕೊಂಡ್ರಾ?"

ಮೂವತ್ತು ಜನ ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ.

"ಅಂದ್ಕೊಳ್ಳಲಿಲ್ಲ. ಅಂದ್ಕೊಂಡಿದ್ರೆ ಇನ್ನೂ ಜೋರಾಗಿ ಬರೀತಿದ್ದೆ. ಹತ್ತನೇ ರೀಲು ಹಾಕ್ತೀಯಾ, ನಾನು ಮನೆಗೆ ಹೋಗಲಾ? ಹೋದ್ರೆ ಹದಿನೈದು ದಿನದಲ್ಲಿ ಹದಿನಾಲ್ಕು ರೀಲೂ ಮೊದಲಿಂದ ಮಾಡೋರನ್ನ ಹುಡುಕ್ಕೋ."

ಹತ್ತನೇ ರೀಲು ಹಾಕಿದರು. ಹೊರಗೆ ಬಂದು ಕಾಫಿ ಕುಡಿಯುವಾಗ ಸೀರೆಯ ಮೇಲೆ ಚೆಲ್ಲಿಕೊಂಡೆ. ಅವನ ಮಾತು ನೋಯಿಸಿತು. ನೋಯಿಸಿತು ಎಂದು ಇಲ್ಲಿ ಬರೆಯಬಹುದು.

೨೫ ಫೆಬ್ರವರಿ

ಹನ್ನೆರಡನೇ ರೀಲು. ಅತ್ತೆ ಅಕ್ಕಿ ಪಾತ್ರೆಯಿಂದ ಕಾಗದಗಳನ್ನು ಒಂದೊಂದಾಗಿ ತೆಗೆದು ಹುಡುಗಿಯ ಮುಂದೆ ಇಡುತ್ತಾಳೆ. ಮಾತಿಲ್ಲ. ಇಲ್ಲಿ ಐದು ಸ್ವರ ಪೂರ್ತಿ ಕೊಟ್ಟರೆ ಕೆಟ್ಟಿತು. ಮೊದಲ ಕಾಗದಕ್ಕೆ ಸ ಗ, ಅಷ್ಟೇ. ನಿಶ್ಶಬ್ದ. ಎರಡನೆಯದಕ್ಕೆ ಮತ್ತೆ ಸ ಗ. ಮೂರನೆಯದಕ್ಕೆ ಸ ಗ ಪ. ಉಳಿದದ್ದನ್ನು ನೋಡುವವರ ಕಿವಿ ತಾನೇ ತುಂಬಿಕೊಳ್ಳುತ್ತದೆ. ಎರಡನೇ ರೀಲಿನಿಂದ ಕೇಳಿಸಿಟ್ಟದ್ದಕ್ಕೆ ಈಗ ಕೈಕಟ್ಟಿ ಕೂರುವ ಹಕ್ಕು ನನಗಿದೆ.

ಕೋದಂಡಂ ಗಾಜಿನಾಚೆ ಕನ್ನಡಕ ತೆಗೆದು ಒರೆಸಿಕೊಂಡರು. ಎ.ಸಿ. ತಂಪಿಗೆ ಮಂಜು ಕಟ್ಟಿತಂತೆ.

ನಾಲ್ಕು ದಿನದಿಂದ ಆಸ್ಪತ್ರೆಗೆ ಹೋಗಲಾಗಿಲ್ಲ.

೨೭ ಫೆಬ್ರವರಿ

ಕೊನೆಯ ರೀಲಿನ ಜಗಳ.

ರೈಲು ಹೊರಡುತ್ತದೆ. ಕಿಟಕಿಯಲ್ಲಿ ಹುಡುಗ ಹುಡುಗಿ ನಗುತ್ತಾರೆ. ಆಮೇಲೆ ಮನೆ, ಅತ್ತೆ ಒಳಗೆ ಹೋಗಿ ಅಗುಳಿ ಹಾಕುತ್ತಾಳೆ. ಶುಭಂ.

ಪರಿದಿಗೆ ರೈಲಿನ ಮೇಲೆ ಐದು ಸ್ವರ ಬೇಕು, ಪೂರ್ತಿ ವಾದ್ಯವೃಂದದಲ್ಲಿ, ಅಬ್ಬರವಾಗಿ. ಅಗುಳಿಯ ಶಾಟ್ ನಿಶ್ಶಬ್ದ. ನಾನು ತಿರುಗುಮುರುಗಾಗಿ ಬರೆದಿದ್ದೇನೆ. ರೈಲಿಗೆ ರೈಲಿನದೇ ಸದ್ದು ಮತ್ತು ಹುಡುಗಿಯ ಪುಟ್ಟ ಟ್ಯೂನ್. ಅಗುಳಿಗೆ ಐದು ಸ್ವರ.

"ಆಗಲ್ಲ" ಎಂದ.

"ನಂಗೂ ಆಗಲ್ಲ. ಅತ್ತೆ ಟ್ಯೂನ್‌ನ ಅವರಿಗೆ ನುಡಿಸೋಕೆ ನನ್ನ ಕೈ ಏಳಲ್ಲ."

"ನಿಮ್ಮ ಕೈ ಬೇಡ. ಐದನೇ ರೀಲಲ್ಲಿ ಹಬ್ಬದ ಸೀನ್‌ಗೆ ಇದೇ ಟ್ಯೂನ್ ದೊಡ್ಡದಾಗಿ ನುಡಿಸಿದ್ದೀರಲ್ಲ? ಆ ಟ್ರ್ಯಾಕ್ ತಂದು ರೈಲಿನ ಮೇಲೆ ಹಾಕ್ತೀನಿ. ಎರಡನೇ ರೀಲನ್ನೂ ಸರಿಸ್ತೀನಿ. ಆಮೇಲೆ ಅದು ಯಾರ ಟ್ಯೂನ್ ಅಂತ ನೋಡೋಣ."

ಅವನಿಂದ ಆಗುತ್ತದೆ. ಮುದ್ರಿಸಿದ ಮೇಲೆ ಅದು ಟೇಪು, ಯಾರು ಬೇಕಾದರೂ ಎಲ್ಲಿ ಬೇಕಾದರೂ ಅಂಟಿಸಬಹುದು. ಇಷ್ಟು ದಿನದ್ದೆಲ್ಲ ಆ ಒಂದು ನಿಮಿಷದಲ್ಲಿ ಮಣ್ಣಾಗುತ್ತದೆ. ಬೇಡಿಕೊಳ್ಳಬೇಕೆನಿಸಿತು. ಬೇಡಲಿಲ್ಲ.

"ಹಾಕಿ ನೋಡು" ಎಂದೆ. "ಆದ್ರೆ ಕೊನೇ ರೀಲು ಮಾತ್ರ ನೋಡಬೇಡ. ಮೊದಲಿಂದ ನೋಡ್ಕೊಂಡು ಬಾ. ನಾನೂ ಕೂರ್ತೀನಿ."

೨೮ ಫೆಬ್ರವರಿ

ಬೆಳಿಗ್ಗೆ ಹತ್ತಕ್ಕೆ ಹಾಕಿದರು. ಪರಿದಿ, ಎಡಿಟರ್, ಕೋದಂಡಂ, ನಾನು. ಮೇಲೆ ಪ್ರೊಜೆಕ್ಷನ್ ಕೋಣೆಯಲ್ಲಿ ದುರೈಸ್ವಾಮಿ. ಪರಿದಿ ಎರಡನೇ ರೀಲಿನ ಸಂಗೀತವನ್ನು ಆರು ಸೆಕೆಂಡ್ ಸರಿಸಿಯೇ ತಂದಿದ್ದ. ಐದು ಸ್ವರ ಪೂಂಗೊಡಿಯ ಮುಖಕ್ಕೆ ಸರಿಯಾಗಿ ಬಂತು. ಇನ್ನು ಮುಗಿಯಿತು ಎಂದುಕೊಂಡೆ.

ಆದರೆ ಒಂಬತ್ತು ಬಂತು, ಎರಡನೇ ಸೇರು ಬಂತು. ಹನ್ನೆರಡು ಬಂತು, ಕಾಗದಗಳು ಬಂದವು. ಹುಟ್ಟಿದ್ದು ಯಾರ ಮುಖದಲ್ಲೋ, ನೋವುಂಡದ್ದು ಅತ್ತೆಯ ಜೊತೆ. ಟ್ಯೂನ್ ನೋವುಂಡವರ ಕಡೆ ಹೋಗಿ ನಿಂತುಬಿಟ್ಟಿತು. ಇದು ಇಷ್ಟು ಗಟ್ಟಿ ಎಂದು ನನಗೂ ಗೊತ್ತಿರಲಿಲ್ಲ.

ಹದಿನಾಲ್ಕು. ರೈಲು ಹೊರಟಿತು. ಇಬ್ಬರೂ ನಕ್ಕರು. ಐದನೇ ರೀಲಿನ ಇಪ್ಪತ್ತೆಂಟು ವಯಲಿನ್ ಅಬ್ಬರಿಸಿದವು. ಸ ಗ ಪ ದ ಪ.

ಮೇಲಿನ ಕಿಂಡಿಯಿಂದ ದುರೈಸ್ವಾಮಿ ತಲೆ ಹಾಕಿದ. "ಸಾರ್, ಒಂದು ಶಾಟ್ ಬಿಟ್ಟುಹೋಗಿದ್ಯಾ? ಪಾಟ್ಟು ಬಂತು, ಅತ್ತೆ ಬರಲಿಲ್ಲ. ಸ್ಟೇಷನ್‌ಗೆ ಓಡಿ ಬರ್ತಾಳಾ?"

ತೆರೆಯ ಮೇಲೆ ಆ ಇಬ್ಬರೂ ನಗುತ್ತಲೇ ಇದ್ದರು. ಅತ್ತೆಯ ಸ್ವರ ಮೈಮೇಲೆ ಬೀಳುತ್ತಿರುವಾಗ ಹಾಗೆ ನಗುವುದು ನೋಡಲಾಗಲಿಲ್ಲ, ಏನೋ ಕದ್ದು ಓಡುವವರಂತೆ ಕಂಡರು. ಗೆಲುವಿನ ಸಂಗೀತವೇ ಅವರ ಮೇಲೆ ದೂರು ಹೇಳುತ್ತಿತ್ತು.

"ನಿಲ್ಸಿ" ಎಂದ ಪರಿದಿ. ದೀಪ ಹಾಕಿದರು. ಬಹಳ ಹೊತ್ತು ಹಣೆ ಉಜ್ಜಿಕೊಂಡ. "ನನ್ನ ಹೀರೋನ ಕಳ್ಳನ್ನ ಮಾಡಿಬಿಟ್ರಲ್ಲ ಅಕ್ಕಾ."

"ನಾನಲ್ಲ. ಅಲ್ಲಿ ಅಂಟಿಸಿದ್ದು ನೀನು."

"ಎರಡನೇ ರೀಲು ಸರಿಸ್ಬೇಡಿ, ಅತ್ತೆ ಮುಖದ ಮೇಲಿದ್ದ ಹಾಗೇ ಇಡಿ" ಎಂದು ಎಡಿಟರಿಗೆ ಹೇಳಿದ. ನನ್ನ ಕಡೆ ನೋಡದೆ ಕೇಳಿದ: "ಅಗುಳಿ ಶಾಟ್‌ಗೆ ಎಷ್ಟು ಜನ ವಾದ್ಯದವರು ಬೇಕು?"

"ಒಬ್ಬರು."

೨೯ ಫೆಬ್ರವರಿ

ಕೊನೆಯ ರೀಲು.

ಅಗುಳಿಯ ಶಾಟ್ ಮೂವತ್ತೊಂದು ಸೆಕೆಂಡ್. ಡೊಮಿನಿಕ್ ಒಬ್ಬರೇ, ಬೇಸ್ ಕೂಡ ಇಲ್ಲ. ಅತ್ತೆ ಬಾಗಿಲು ಎಳೆಯುವಾಗ ಸ ಗ ಪ ದ ಪ. ಎರಡನೇ ರೀಲಿನಿಂದ ಪಂಚಮದಲ್ಲೇ ನಿಂತದ್ದು ಇಲ್ಲೂ ನಿಲ್ಲುತ್ತದೆ, ಆಕೆಯ ಕೈ ಅಗುಳಿಯ ಮೇಲಿರುವಷ್ಟು ಹೊತ್ತು. ಕೈ ತೆಗೆದು ಸೆರಗಿಗೆ ಒರೆಸಿಕೊಳ್ಳುವಾಗ ಗ, ರಿ, ಸ. ಮೊದಲ ಬಾರಿಗೆ ಷಡ್ಜಕ್ಕೆ ಮರಳುತ್ತದೆ.

ಡೊಮಿನಿಕ್ ಕೇಳಿದರು, "ಕೊನೇ ಸ ಅಳುತ್ತಾ ಇರಬೇಕಾ ಮೇಡಂ?"

"ಬೇಡ. ಅವಳು ಅಳಲ್ಲ. ನೆಟ್ಟಗೆ ನುಡಿಸಿ, ನಡುಗಿಸದೆ. ಇದು ನನ್ನ ಮನೆ ಅಂತ ಹೇಳೋ ಹಾಗೆ."

ನಾಲ್ಕು ಟೇಕ್. ನಾಲ್ಕನೆಯದರಲ್ಲಿ ಬಿಲ್ಲು ತಂತಿಯಿಂದ ಎದ್ದ ಮೇಲೂ ಯಾರೂ ಕುರ್ಚಿ ಕಿರುಗುಟ್ಟಿಸಲಿಲ್ಲ. ಪರಿದಿ ಗೋಡೆಗೊರಗಿ ನಿಂತಿದ್ದ.

ನನ್ನ ಟ್ಯೂನ್ ಚೆನ್ನಾಗಿ ಬಂದಿದೆ.

೩ ಮಾರ್ಚ್, ಶನಿವಾರ

ಮಿಕ್ಸಿಂಗ್ ಮುಗಿಯಿತು. ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಮಾಸ್ಟರ್ ದಿಂಬಿಗೊರಗಿ ಕೂತು ಮೊಸರನ್ನ ತಿನ್ನುತ್ತಿದ್ದರು. ಮುಖಕ್ಕೆ ಬಣ್ಣ ಮರಳಿದೆ. ಯಾರೋ ಎಲ್ಲ ಮೊದಲೇ ಅವರ ಕಿವಿಗೆ ಊದಿದ್ದಾರೆ.

"ಜಗಳ ಆಡ್ದೆಯಂತೆ."

"ಹೌದು ಮಾಸ್ಟರ್."

"ಹಾಡು ನೋಡೋಣ."

ಹಾಡಿದೆ. ಬೇಸ್ ಷಡ್ಜದಲ್ಲಿದ್ದಾಗ ಹೇಗೆ, ಧೈವತಕ್ಕಿಳಿದಾಗ ಹೇಗೆ, ಕಾಗದಗಳಿಗೆ ಎಷ್ಟು, ಅಗುಳಿಗೆ ಎಷ್ಟು. ಅವರು ಕಣ್ಣು ಮುಚ್ಚಿ ಮಂಚದ ಕಂಬಿಯ ಮೇಲೆ ಬೆರಳಿನಿಂದ ತಾಳ ಹಾಕಿದರು. ಕೊನೆಯ ಷಡ್ಜ ಬಂದಾಗ ಬೆರಳು ನಿಂತಿತು.

"ಚೆನ್ನಾಗಿದೆ" ಎಂದರು. ಮೊಸರನ್ನದ ತಟ್ಟೆ ಪಕ್ಕಕ್ಕೆ ಸರಿಸಿ, "ಆದ್ರೆ ನಾನಾಗಿದ್ರೆ ಹುಡುಗೀಗೇ ಕೊಡ್ತಿದ್ದೆ ನವಮಣೀ."

"ಗೊತ್ತು ಮಾಸ್ಟರ್" ಎಂದೆ. "ಅದಕ್ಕೇ ನಿಮ್ಮನ್ನ ಕೇಳೋಕೆ ಬರಲಿಲ್ಲ."